ಆನೆ ಯಾರಿಗೆ ಕಾಣಿಸಿತು?

ಮಡಿಕೇರಿಗೆ ವರ್ಗವಾಗಿ ಬರುವ ಹಿಂದಿಯವರಿಗೆ ಸಂಜೆ ಹೊತ್ತು ಕನ್ನಡ ಹೇಳಿಕೊಡುತ್ತೇನೆ. ಎಲ್ಲಿ ‘ನಾನು’, ಎಲ್ಲಿ ‘ಗೆ’ ಸೇರಿದ ‘ನನಗೆ’ ಅನ್ನೋದು ಅಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ. ‘ನನಗೆ ಹಸಿವಾಗಿದೆ’ ಅವರಿಗೆ ಸುಲಭ. ಹಿಂದಿಯಲ್ಲೂ ‘ಮುಝೆ ಭೂಖ್ ಲಗೀ ಹೈ’ ಅಂತಾರೆ, ಅಲ್ಲೂ ‘ಗೆ’ ಇದ್ದ ಹಾಗೆಯೇ. ತೊಡಕು ಶುರುವಾಗೋದು ‘ನಾನು ಗೊತ್ತು’ ಅಂದಾಗ. ಅದು ‘ಮೈ ಜಾನ್ತಾ ಹೂಂ’ ಇಂದ ಬಂದದ್ದು. ‘ಮುಝೆ ಪತಾ ಹೈ’ ನೆನಪಿಸಿಕೊಳ್ಳಿ ಅಂದರೆ ಅಲ್ಲೇ ಸರಿಹೋಗುತ್ತದೆ.

ಉಳಿದವಕ್ಕೆ ನಾನು ಬಳಸೋದು ಅಪ್ಪಣೆಯ ಪರೀಕ್ಷೆ: ಹಾಗೆ ಮಾಡು ಅಂತ ನಿಮಗೆ ಅಪ್ಪಣೆ ಕೊಡಬಹುದಾದರೆ ‘ನಾನು’, ಇಲ್ಲದಿದ್ದರೆ ‘ನನಗೆ’. ‘ನೋಡು’ ಅಂತ ಹೇಳಬಹುದು, ಹಾಗಾಗಿ ‘ನಾನು ಆನೆ ನೋಡಿದೆ’. ‘ಕಾಣಿಸು’ ಅಂದರೆ ಆ ಅಪ್ಪಣೆ ಆನೆಗೆ ಹೋಗುತ್ತದೆ, ನಿಮಗಲ್ಲ. ಹಾಗಾಗಿ ‘ನನಗೆ ಆನೆ ಕಾಣಿಸಿತು’. ‘ಹೆದರಬೇಡ’ ಅನ್ನಬಹುದು, ‘ಅವನು ಹೆದರಿದ’. ಭಯವೇ ತಾನಾಗಿ ಬಂದರೆ ‘ಅವನಿಗೆ ಭಯವಾಯಿತು’. ಈ ಪರೀಕ್ಷೆ ಅನಿಸಿಕೆ, ಅರಿವಿನ ಮಾತುಗಳಿಗೆ ಮಾತ್ರ. ‘ನಾನು ಬಿದ್ದೆ’ ಅನ್ನೋದು ಯಾರ ಅಪ್ಪಣೆಯಿಂದಲೂ ಆದದ್ದಲ್ಲ, ತಾನಾಗಿ ಆದದ್ದು, ಆದರೂ ಅಲ್ಲಿ ‘ಗೆ’ ಬರಲ್ಲ.

ಒಬ್ಬರು ಕೇಳಿದರು: ಹಾಗಾದರೆ ಆ ವಾಕ್ಯದ ಯಜಮಾನ ಯಾರು, ನಾನಾ ಆನೆಯಾ? ಒಳ್ಳೆ ಪ್ರಶ್ನೆ. ಕ್ರಿಯಾಪದವನ್ನು ಕೇಳಿದರೆ ಆನೆ. ‘ನನಗೆ ಆನೆ ಕಾಣಿಸಿತು’, ‘ಆನೆಗಳು ಕಾಣಿಸಿದವು’, ತೋಟದ ಕಾವಲಿನವರಾದರೆ ‘ಕಾಣಿಸಿದರು’. ಕೊನೆ ಬದಲಾಗೋದು ಕಂಡದ್ದಕ್ಕೆ ತಕ್ಕಂತೆ. ಆದರೆ ‘ರವಿಗೆ ತನ್ನ ಊರು ನೆನಪಾಯಿತು’ ಅನ್ನಿ. ‘ತನ್ನ’ ಅಂದರೆ ರವಿಯದೇ. ‘ತಾನು’ ಸಾಮಾನ್ಯವಾಗಿ ಕರ್ತೃವನ್ನೇ ಹಿಡಿಯುವ ಪದ. ಅಂದರೆ ಯಜಮಾನಿಕೆ ಇಬ್ಬರಲ್ಲಿ ಹಂಚಿಹೋಗಿದೆ. ಒಬ್ಬರಿಗೇ ಕೊಡಲೇಬೇಕು ಅಂತ ನಾನು ಹಟ ಹಿಡಿಯಲ್ಲ.

ಜಾಸ್ತಿ ಹೊತ್ತು ಹಿಡಿಯೋದು ‘ಬೇಕು’. ವಸ್ತು ಬೇಕಾದರೆ ‘ಗೆ’: ‘ನನಗೆ ಕಾಫಿ ಬೇಕು’. ಅನಿಸಿಕೆ ಇಲ್ಲದ್ದಕ್ಕೂ ಇದು ಬರುತ್ತದೆ: ‘ಕಾಫಿ ಗಿಡಕ್ಕೆ ನೆರಳು ಬೇಕು’. ಕೆಲಸ ಸೇರಿದರೆ ಮಾತ್ರ ‘ಗೆ’ ಕಳಚಿ ಬೀಳುತ್ತದೆ: ‘ನಾನು ನಾಳೆ ವಿರಾಜಪೇಟೆಗೆ ಹೋಗಬೇಕು’. ಹಿಂದಿಯವರು ‘ಮುಝೆ ಜಾನಾ ಹೈ’ ಅನ್ನೋ ಅಭ್ಯಾಸದಲ್ಲಿ ‘ನನಗೆ ಹೋಗಬೇಕು’ ಅಂದುಬಿಡುತ್ತಾರೆ. ಕೇಳಿದವರಿಗೆ ಅದು ಆಸೆಯ ಹಾಗೆ ಕೇಳಿಸುತ್ತದೆ, ‘ಹೋಗಬೇಕು ಅನ್ನಿಸುತ್ತಿದೆ’ ಅಂದ ಹಾಗೆ. ಮೇಲಧಿಕಾರಿಗೆ ರಜೆ ಕೇಳುವಾಗ ಈ ವ್ಯತ್ಯಾಸ ಸಣ್ಣದಲ್ಲ, ಅಲ್ವಾ?

ಅದಕ್ಕೆ ಈಗ ಎರಡನ್ನೂ ಒಟ್ಟಿಗೇ ಕೇಳುತ್ತೇನೆ. ‘ನಿಮಗೆ ಏನು ಬೇಕು? ನೀವು ಏನು ಮಾಡಬೇಕು?’ ಉತ್ತರ ‘ನನಗೆ ರಜೆ ಬೇಕು, ನಾನು ಊರಿಗೆ ಹೋಗಬೇಕು’ ಅಂತ ತಡವರಿಸದೆ ಬಂದರೆ ಮುಂದಿನ ಪಾಠಕ್ಕೆ ಹೋಗುತ್ತೇನೆ.