ಲಾಭ ಪುಸ್ತಕದಲ್ಲಿ, ಪಂಪು ನನ್ನ ಗೋದಾಮಿನಲ್ಲಿ

ಶಿರಸಿಯಲ್ಲಿ ನನ್ನದು ಪೈಪು, ಪಂಪು, ಸ್ಪ್ರಿಂಕ್ಲರ್ ಅಂಗಡಿ. ಗಿರಾಕಿಗಳಲ್ಲಿ ಹೆಚ್ಚಿನವರು ಅಡಿಕೆ ತೋಟದವರು, ಹಾಗಾಗಿ ಅರ್ಧ ವ್ಯಾಪಾರ ಉದ್ರಿ. ಕೊನೆ ಕೊಯ್ದು, ಅಡಿಕೆ ಒಣಗಿಸಿ, ವಖಾರಿಗೆ ಹಾಕಿದ ಮೇಲೆ ದುಡ್ಡು ಬರುತ್ತದೆ. ಕೊಳೆ ರೋಗ ಜಾಸ್ತಿಯಾದ ವರ್ಷ ಅದೂ ಮುಂದಕ್ಕೆ ಹೋಗುತ್ತದೆ. ಮಾರಿದ ದಿನ ಬೇರೆ, ದುಡ್ಡು ಕೈಗೆ ಬರುವ ದಿನ ಬೇರೆ ಅನ್ನೋದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ 2018ರಲ್ಲಿ ಶೇರು ಕೊಳ್ಳುವಾಗ ಇದನ್ನೇ ಮರೆತೆ.

ಅದೊಂದು ಮಧ್ಯಮ ಗಾತ್ರದ ಪಂಪು ಕಂಪನಿ. ಹೆಸರು ಬೇಡ. ಅವರ ಮಾಲನ್ನು ನಾನೇ ಮಾರುತ್ತಿದ್ದೆ, ಮಾಲು ಚೆನ್ನಾಗಿಯೇ ಇತ್ತು. ಮೊಬೈಲಿನಲ್ಲಿ ನೋಡಿದರೆ ಆರ್‌ಒಇ 22.5 ಪರ್ಸೆಂಟ್. ಅಂದರೆ ಶೇರುದಾರರ 100 ರೂಪಾಯಿ ಬಂಡವಾಳಕ್ಕೆ ವರ್ಷಕ್ಕೆ 22.50 ರೂಪಾಯಿ ನಿವ್ವಳ ಲಾಭ. ಬ್ಯಾಂಕಿನ ಎಫ್‌ಡಿ ಏಳರ ಆಸುಪಾಸಿನಲ್ಲಿದ್ದ ಕಾಲ ಅದು. ಆಗಸ್ಟಿನಲ್ಲಿ 340 ರೂಪಾಯಿಯಂತೆ 200 ಶೇರು ತೆಗೆದುಕೊಂಡೆ. ಒಟ್ಟು 68 ಸಾವಿರ.

ಆ ಹೊತ್ತಿಗೆ ಅದೇ ಕಂಪನಿಯ 13 ಪಂಪು ನನ್ನ ಗೋದಾಮಿನಲ್ಲಿ ಕೂತಿದ್ದವು. ಮಾರ್ಚ್ ಕೊನೆ ವಾರ ಅವರ ಸೇಲ್ಸ್ ಹುಡುಗ ಬಂದು, "ಇಪ್ಪತ್ತು ಇಳಿಸ್ಕೊಳ್ಳಿ ಸಾರ್, ದುಡ್ಡು ಜುಲೈಗೆ ಕೊಟ್ರೆ ಸಾಕು" ಅಂದಿದ್ದ. ನಾನು ಕೇಳಿದ್ದು ಬರೀ ಆರು. ಮಳೆ ಹಿಡಿದ ಮೇಲೆ ನಮ್ಮ ಕಡೆ ಪಂಪು ಕೇಳುವವರು ಯಾರು? ಜುಲೈ ಕಳೆದರೂ ನಾನು ಪೂರ್ತಿ ದುಡ್ಡು ಕೊಟ್ಟಿರಲಿಲ್ಲ, ಅವರೂ ಅಷ್ಟಾಗಿ ಕೇಳಲಿಲ್ಲ.

ಮುಂದಿನ ವರ್ಷ ಕಂಪನಿಯ ಲಾಭ 36 ಕೋಟಿಯಿಂದ 9 ಕೋಟಿಗೆ ಬಿತ್ತು. ಕುಮಟಾದಲ್ಲಿ ಲೆಕ್ಕಪತ್ರದ ಕೆಲಸ ಮಾಡುವ ನನ್ನ ಭಾವ ಊಟಕ್ಕೆ ಬಂದಾಗ ಗೋದಾಮು ನೋಡಿ ನಕ್ಕುಬಿಟ್ಟ. "ಮಾಲು ನಿನ್ನ ಗೋದಾಮಲ್ಲೇ ಇದ್ದಲ ಮಾರಾಯ, ಅವ್ರಿಗೆ ಲಾಭ ಹ್ಯಾಂಗ್ ಬಂತು?"

ಬಂದಿದ್ದು ಪುಸ್ತಕದಲ್ಲಿ. ಡೀಲರಿಗೆ ಬಿಲ್ ಹಾಕಿದ ದಿನವೇ ಅದು ಅವರಿಗೆ ಮಾರಾಟ, ಅದರ ಮೇಲಿನದ್ದು ಲಾಭ. ನನ್ನಂಥ ನೂರಾರು ಡೀಲರುಗಳ ಗೋದಾಮು ಸೇರಿದರೆ ಆ ಲಾಭ ಎಷ್ಟಾಗಬಹುದು ಅಂತ ಯೋಚಿಸಿ. ಅವತ್ತು ಸಂಜೆ ಇಬ್ಬರೂ ಕೂತು ನಾನು ಕೊಳ್ಳುವ ಮೊದಲೇ ಓದಬೇಕಿದ್ದ ವಾರ್ಷಿಕ ವರದಿಯನ್ನು ತೆಗೆದೆವು. ಲೆಕ್ಕ ಸುಲಭವಾಗಲಿ ಅಂತ ಇಲ್ಲಿ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ಬಂಡವಾಳ 160 ಕೋಟಿ, ಲಾಭ 36 ಕೋಟಿ. ಆರ್‌ಒಇ 22.5, ಸರಿಯೇ ಇದೆ. ಸಾಲವನ್ನು ನಾನು ನೋಡಿರಲಿಲ್ಲ ಅಂತಲ್ಲ, ನೋಡಿದ್ದೆ. ಬ್ಯಾಲೆನ್ಸ್ ಶೀಟಿನಲ್ಲಿ ದೀರ್ಘಾವಧಿ ಸಾಲ 70 ಕೋಟಿ ಅಂತಿತ್ತು. 70ನ್ನು 160ರಿಂದ ಭಾಗಿಸಿದರೆ 0.44. ಅರ್ಧಕ್ಕಿಂತ ಕಡಿಮೆ, ತೊಂದರೆ ಇಲ್ಲ ಅಂದುಕೊಂಡಿದ್ದೆ. ಭಾವ ಪುಟದ ಕೆಳಗೆ ಬೆರಳಿಟ್ಟ. ಅಲ್ಲಿ ಅಲ್ಪಾವಧಿ ಸಾಲ ಅಂತ ಇನ್ನೊಂದು 170 ಕೋಟಿ. ಅದೂ ಸಾಲದು ಅಂತ, ಮುಂದಿನ ಒಂದು ವರ್ಷದೊಳಗೆ ಕಟ್ಟಬೇಕಾದ ದೀರ್ಘಾವಧಿ ಸಾಲದ ಕಂತು 16 ಕೋಟಿ "ಇತರೆ ಹಣಕಾಸು ಹೊಣೆ" ಅನ್ನುವ ಸಾಲಿನೊಳಗೆ ಅಡಗಿತ್ತು, ಟಿಪ್ಪಣಿ ತೆರೆದು ನೋಡಿದರೆ ಮಾತ್ರ ಸಿಗುವುದು. ಒಟ್ಟು 256 ಕೋಟಿ. ಡೆಟ್ ಟು ಈಕ್ವಿಟಿ 0.44 ಅಲ್ಲ, 1.6! 2021ರ ಏಪ್ರಿಲ್‌ನಿಂದ ನಿಯಮ ಬದಲಾಗಿ ಆ ಕಂತನ್ನು ಅಲ್ಪಾವಧಿ ಸಾಲದ ಜೊತೆಗೇ ತೋರಿಸಬೇಕು, ಹಾಗಾಗಿ ಈಗ ಹುಡುಕಾಟ ಕಡಿಮೆ. ಹಳೆಯ ವರದಿಗಳನ್ನು ಓದುವಾಗ ಮಾತ್ರ ನೆನಪಿರಲಿ.

ಸಾಲ ಜಾಸ್ತಿ ಇದ್ದರೆ ಆರ್‌ಒಇ ತಾನಾಗಿಯೇ ಏರುತ್ತದೆ ಅನ್ನೋದು ನನಗೆ ಆ ತನಕ ಹೊಳೆದಿರಲಿಲ್ಲ. ಅಂಗಡಿ ಲೆಕ್ಕದಲ್ಲೇ ಹೇಳುತ್ತೇನೆ. 10 ಲಕ್ಷದ ಅಂಗಡಿ, ವರ್ಷಕ್ಕೆ ದುಡಿಮೆ ಒಂದೂವರೆ ಲಕ್ಷ. ಅಷ್ಟೂ ಸ್ವಂತ ದುಡ್ಡಾದರೆ ಬಂಡವಾಳಕ್ಕೆ 15 ಪರ್ಸೆಂಟ್. ಪಕ್ಕದವನದ್ದೂ ಅಂಥದ್ದೇ ಅಂಗಡಿ, ಆದರೆ ಸ್ವಂತದ್ದು 4 ಲಕ್ಷ, ಬ್ಯಾಂಕಿನದು 10 ಪರ್ಸೆಂಟಿಗೆ 6 ಲಕ್ಷ. ಬಡ್ಡಿ 60 ಸಾವಿರ ಕಳೆದು ಉಳಿಯುವುದು 90 ಸಾವಿರ, 4 ಲಕ್ಷಕ್ಕೆ 22.5 ಪರ್ಸೆಂಟ್. ಅವನು ನನಗಿಂತ ಬುದ್ಧಿವಂತನೇನಲ್ಲ, ಅಂಗಡಿ ಒಂದೇ ಥರದ್ದು. ವ್ಯಾಪಾರ ಕುಸಿದು ದುಡಿಮೆ 50 ಸಾವಿರಕ್ಕೆ ಇಳಿದ ವರ್ಷ ನನಗೆ 5 ಪರ್ಸೆಂಟ್ ಉಳಿಯುತ್ತದೆ, ಅವನು ಬಡ್ಡಿಗೇ 10 ಸಾವಿರ ಕೈಯಿಂದ ಹಾಕಬೇಕು. ಅದಕ್ಕೇ ಈಗ ಆರ್‌ಒಇ ಕಂಡ ತಕ್ಷಣ ಅದರಲ್ಲಿ ಸಾಲದ ಪಾಲೆಷ್ಟು ಅಂತ ಮೊದಲು ಕೇಳುತ್ತೇನೆ.

ಇನ್ನು ಕ್ಯಾಶ್ ಫ್ಲೋ. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳಬೇಕು, ಯಾಕೆಂದರೆ ಮೊಬೈಲ್ ಆ್ಯಪ್ ತೋರಿಸುವ ಅಂಕಿ ಇಲ್ಲಿ ನಮ್ಮ ದಾರಿ ತಪ್ಪಿಸಬಹುದು. ಸಾಮಾನ್ಯವಾಗಿ ಫ್ರೀ ಕ್ಯಾಶ್ ಫ್ಲೋ ಅಂದರೆ ವ್ಯಾಪಾರದಿಂದ ಕೈಗೆ ಬಂದ ನಗದಿನಲ್ಲಿ ಯಂತ್ರ, ಕಟ್ಟಡಕ್ಕೆ ಹಾಕಿದ್ದನ್ನು ಕಳೆಯುವುದು. ಆ ಕಂಪನಿಗೆ ವ್ಯಾಪಾರದಿಂದ ಬಂದ ನಗದು 30 ಕೋಟಿ, ಯಂತ್ರಕ್ಕೆ ಹೋಗಿದ್ದು 28 ಕೋಟಿ. ಎರಡು ಕೋಟಿ ಉಳಿಯಿತು, ಪರವಾಗಿಲ್ಲ ಅನ್ನಿಸುತ್ತೆ ಅಲ್ವಾ? ಆದರೆ ನಮ್ಮ ದೇಶದ ಇಂಡ್ ಎಎಸ್ 7 ಅನ್ನುವ ಲೆಕ್ಕಪತ್ರ ನಿಯಮದ ಪ್ರಕಾರ ಬ್ಯಾಂಕು, ಫೈನಾನ್ಸ್ ಬಿಟ್ಟು ಉಳಿದ ಕಂಪನಿಗಳು ಕಟ್ಟಿದ ಬಡ್ಡಿಯನ್ನು ವ್ಯಾಪಾರದ ನಗದಿನಲ್ಲಿ ಕಳೆಯುವುದಿಲ್ಲ, ಕ್ಯಾಶ್ ಫ್ಲೋ ಪಟ್ಟಿಯ ಮೂರನೇ ಭಾಗವಾದ, ಸಾಲ ತಂದದ್ದು ತೀರಿಸಿದ್ದು ಬರುವ ಫೈನಾನ್ಸಿಂಗ್‌ನಲ್ಲಿ ತೋರಿಸುತ್ತವೆ. ಅಂದರೆ ಆ 30 ಕೋಟಿ ಬಡ್ಡಿ ಕಟ್ಟುವ ಮೊದಲಿನದ್ದು. ಬಡ್ಡಿ 24 ಕೋಟಿ ಇತ್ತು. ಹಾಗಾಗಿ ನನ್ನ ಲೆಕ್ಕ ಹೀಗೆ, CFO ಅಂದರೆ ವ್ಯಾಪಾರದ ನಗದು, Capex ಅಂದರೆ ಯಂತ್ರಕ್ಕೆ ಹಾಕಿದ್ದು:

```
CFO 30 - Capex 28 - Interest paid 24 = -22
```

36 ಕೋಟಿ ಲಾಭ ತೋರಿಸಿದ ಕಂಪನಿಯ ಕೈಯಿಂದ 22 ಕೋಟಿ ಹೊರಗೆ ಹೋಗಿದೆ. ಅದರ ಮೇಲೆ ಶೇರುದಾರರಿಗೆ 6 ಕೋಟಿ ಡಿವಿಡೆಂಡ್ ಬೇರೆ ಕೊಟ್ಟಿದ್ದರು. ಎರಡೂ ಸೇರಿ 28 ಕೋಟಿ, ಆ ವರ್ಷ ಸಾಲ ಏರಿದ್ದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಡಿವಿಡೆಂಡ್ ಕೊಟ್ಟಿದ್ದೇ ಸಾಲ ಮಾಡಿ.

ಹಾಗಾದರೆ ಆ 36 ಕೋಟಿ ಎಲ್ಲಿ ಹೋಯಿತು? ಉದ್ರಿ ನೋಡಿದೆವು. ಹಿಂದಿನ ವರ್ಷ 440 ಕೋಟಿ ಮಾರಾಟಕ್ಕೆ ಬರಬೇಕಾದ ಬಾಕಿ 120 ಕೋಟಿ, ಅಂದರೆ ಸುಮಾರು 100 ದಿನದ ಮಾರಾಟ. ಆ ವರ್ಷ 500 ಕೋಟಿಗೆ ಬಾಕಿ 175 ಕೋಟಿ, 128 ದಿನ. ಮಾರಾಟ ಏರಿದ್ದು 60 ಕೋಟಿ, ಉದ್ರಿ ಏರಿದ್ದು 55 ಕೋಟಿ. ನನ್ನ 13 ಪಂಪುಗಳು ಇದ್ದದ್ದು ಅದರೊಳಗೆ! ಒಂದು ವರ್ಷದ ಹೊಸ ವ್ಯಾಪಾರವೆಲ್ಲ ಹೆಚ್ಚುಕಡಿಮೆ ಉದ್ರಿ ಪುಸ್ತಕಕ್ಕೇ ಹೋಗಿದೆ ಅಂತ ನನ್ನ ಅಂಗಡಿಯ ಹುಡುಗ ಹೇಳಿದ್ದರೆ ಅವತ್ತೇ ಉದ್ರಿ ನಿಲ್ಲಿಸುತ್ತಿದ್ದೆ.

2019ರ ಕೊನೆಗೆ 130 ರೂಪಾಯಿಗೆ ಮಾರಿದೆ. 42 ಸಾವಿರ ಹೋಯಿತು. ಪಂಪುಗಳಲ್ಲಿ ಎಂಟನ್ನು ಕಂಪನಿ ವಾಪಸ್ ತೆಗೆದುಕೊಂಡಿತು ಅನ್ನುವುದೊಂದು ಸಮಾಧಾನ.

ಈಗ ನಾನು ಉಲ್ಟಾ ನೋಡುತ್ತೇನೆ. ಮೊದಲು ನಗದು, ಆಮೇಲೆ ಸಾಲ, ಆರ್‌ಒಇ ಕೊನೆಗೆ. ಕಂಪನಿಯ ವಾರ್ಷಿಕ ವರದಿಯ ಪಿಡಿಎಫ್ ತೆಗೆದು, Consolidated ಅಂತ ಇರುವ ಲೆಕ್ಕಪತ್ರಕ್ಕೇ ಹೋಗುತ್ತೇನೆ. Standalone ಅನ್ನುವುದರಲ್ಲಿ ಅಂಗಸಂಸ್ಥೆಗಳ ಸಾಲ ಬರುವುದಿಲ್ಲ. ಐದು ವರ್ಷದ ನಿವ್ವಳ ಲಾಭ ಕೂಡಿಸಿ, ಅದೇ ಐದು ವರ್ಷದ ವ್ಯಾಪಾರದ ನಗದಿನಿಂದ ಬಡ್ಡಿ ಕಳೆದು ಕೂಡಿಸಿ, ಎರಡನ್ನೂ ಪಕ್ಕಪಕ್ಕ ಬರೆಯುತ್ತೇನೆ. ನಗದು ಲಾಭದ ಹತ್ತಿರಕ್ಕೆ ಬಂದರೆ ಮುಂದೆ ಓದುತ್ತೇನೆ. ಅರ್ಧವೂ ಇಲ್ಲದಿದ್ದರೆ ಅಲ್ಲಿಗೇ ಮುಚ್ಚುತ್ತೇನೆ. ಫ್ರೀ ಕ್ಯಾಶ್ ಫ್ಲೋವನ್ನೂ ಒಂದೇ ವರ್ಷದ್ದು ನೋಡಿ ತೀರ್ಮಾನ ಮಾಡುವುದಿಲ್ಲ, ಯಾಕೆಂದರೆ ಹೊಸ ಕಾರ್ಖಾನೆ ಕಟ್ಟುವ ವರ್ಷ ಒಳ್ಳೆ ಕಂಪನಿಯದ್ದೂ ಮೈನಸ್ ಆಗುತ್ತದೆ. ಯಂತ್ರಕ್ಕೆ ಹಾಕಿ ಮೈನಸ್ ಆದರೆ ಕಾಯಬಹುದು. ಉದ್ರಿಗೆ ಹಾಕಿ ಮೈನಸ್ ಆದದ್ದಕ್ಕೆ ನಾನು ಕಾಯುವುದಿಲ್ಲ.

ಈಗಿನ ವರದಿಗಳ ಟಿಪ್ಪಣಿಯಲ್ಲಿ Trade receivables ಅಂತ ಹುಡುಕಿದರೆ ಉದ್ರಿ ಎಷ್ಟು ಹಳೆಯದು ಅನ್ನುವ ಪಟ್ಟಿ ಸಿಗುತ್ತದೆ. ಆರು ತಿಂಗಳೊಳಗಿನದು, ಆರು ತಿಂಗಳಿಂದ ಒಂದು ವರ್ಷದ್ದು, ಹೀಗೆ ಮೂರು ವರ್ಷ ಮೀರಿದ್ದರ ತನಕ. ಇದೂ 2021ರ ಬದಲಾವಣೆಯಿಂದಲೇ ಬಂದದ್ದು. ನಾನು ಓದುವ ಪುಟಗಳಲ್ಲಿ ನನಗೆ ಬಹಳ ಇಷ್ಟದ್ದು ಇದು, ನಮ್ಮ ಉದ್ರಿ ಪುಸ್ತಕವನ್ನೇ ಯಾರೋ ನೀಟಾಗಿ ಬರೆದಿಟ್ಟ ಹಾಗಿರುತ್ತದೆ.

ಸಾಲದ ವಿಷಯದಲ್ಲಿ ಇನ್ನೊಂದು ಪರೀಕ್ಷೆ ಇದೆ, ಇದು ನಮ್ಮೂರಿನವರಿಗೆ ಬೇಗ ಅರ್ಥವಾಗುತ್ತದೆ. ಮಾರ್ಚ್ ಕೊನೆಗೆ ಹೇಗಾದರೂ ಹೊಂದಿಸಿ ಸೊಸೈಟಿಯ ಬೆಳೆಸಾಲ ತುಂಬುತ್ತೇವೆ, ಏಪ್ರಿಲ್‌ನಲ್ಲಿ ಮತ್ತೆ ತೆಗೆಯುತ್ತೇವೆ. ಮಾರ್ಚ್ 31ರಂದು ನೋಡಿದರೆ ನಾವು ಸಾಲವೇ ಇಲ್ಲದ ಜನ! ಬ್ಯಾಲೆನ್ಸ್ ಶೀಟೂ ಆ ಒಂದು ದಿನದ ಫೋಟೋ. ಹಾಗಾಗಿ ವರ್ಷದ ಬಡ್ಡಿಯನ್ನು, ವರ್ಷದ ಶುರು ಮತ್ತು ಕೊನೆಯ ಸಾಲದ ಸರಾಸರಿಯಿಂದ ಭಾಗಿಸುತ್ತೇನೆ. ಒಂದು ಕಂಪನಿಯಲ್ಲಿ ಎರಡೂ ಮಾರ್ಚ್‌ಗೆ ಸಾಲ 40 ಕೋಟಿ, ಬಡ್ಡಿ 9 ಕೋಟಿ ಇತ್ತು. 22 ಪರ್ಸೆಂಟಿಗೂ ಮೇಲೆ. ಅಷ್ಟು ಬಡ್ಡಿಗೆ ಯಾವ ಬ್ಯಾಂಕು ಸಾಲ ಕೊಡುತ್ತದೆ? ಬ್ಯಾಂಕ್ ಕಮಿಷನ್, ಬಾಡಿಗೆ ಕರಾರಿನ ಬಡ್ಡಿ ಸ್ವಲ್ಪ ಸೇರಿರಬಹುದು, ಅದನ್ನು ಟಿಪ್ಪಣಿಯಲ್ಲಿ ನೋಡಿ ಕಳೆದರೂ ವರ್ಷದ ನಡುವೆ ಸಾಲ ಇದರ ಎರಡು ಪಟ್ಟು ಇದ್ದಿರಬೇಕು ಅನ್ನಿಸಿತು. ಬಿಟ್ಟೆ.

ಇಷ್ಟು ದಾಟಿದ ಮೇಲೆ ಆರ್‌ಒಇ. ಸಾಲ ಬಂಡವಾಳದ ಅರ್ಧದೊಳಗಿದ್ದು, ಐದು ವರ್ಷ ಆರ್‌ಒಇ 15ರ ಮೇಲಿದ್ದರೆ ನನಗೆ ಸಾಕು. ಇದು ನಾನೇ ಇಟ್ಟುಕೊಂಡ ಗೆರೆ, ಶಾಸ್ತ್ರವೇನಲ್ಲ. ದಿಢೀರನೆ 15ರಿಂದ 25ಕ್ಕೆ ಹಾರಿದರೆ ಲಾಭ ಏರಿತೋ ಬಂಡವಾಳ ಇಳಿಯಿತೋ ಅಂತ ನೋಡುತ್ತೇನೆ. ಕಂಪನಿ ತನ್ನ ಶೇರನ್ನು ತಾನೇ ವಾಪಸ್ ಕೊಂಡರೆ ಲಾಭ ಏರದೆಯೂ ಆರ್‌ಒಇ ಏರುತ್ತದೆ.

ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಈ ಲೆಕ್ಕ ಹಾಕಬೇಡಿ. ಸಾಲವೇ ಅವರ ಕಚ್ಚಾ ಮಾಲು, ನಮಗೆ ಪೈಪು ಇದ್ದ ಹಾಗೆ. ಅವರು ಹೊಸ ಸಾಲ ಕೊಟ್ಟಷ್ಟೂ ವ್ಯಾಪಾರದ ನಗದು ಮೈನಸ್ ಆಗುತ್ತದೆ, ಅದು ಕೆಟ್ಟದ್ದೇನಲ್ಲ. ಅವರನ್ನು ಅಳೆಯಲು ಬೇರೆ ತಕ್ಕಡಿ ಬೇಕು.

ಸದ್ಯ ನನ್ನ ಹತ್ತಿರ ನಾಲ್ಕು ಕಂಪನಿಗಳ ಶೇರಿವೆ. ಅದರಲ್ಲಿ ಒಂದರ ಫ್ರೀ ಕ್ಯಾಶ್ ಫ್ಲೋ ಎರಡು ವರ್ಷದಿಂದ ಮೈನಸ್. ಹೊಸ ಘಟಕ ಕಟ್ಟುತ್ತಿದ್ದಾರೆ, ಉದ್ರಿ ದಿನಗಳು ಏರಿಲ್ಲ, ಹಾಗಾಗಿ ಇಟ್ಟುಕೊಂಡಿದ್ದೇನೆ. ಲಿಸ್ಟೆಡ್ ಕಂಪನಿಗಳು ಆರು ತಿಂಗಳಿಗೊಮ್ಮೆ ಕ್ಯಾಶ್ ಫ್ಲೋ ತೋರಿಸಬೇಕು, ಸೆಪ್ಟೆಂಬರಿನದ್ದು ನವೆಂಬರ್ ಮಧ್ಯದೊಳಗೆ ಬರುತ್ತದೆ. ಕೊನೆ ಕೊಯ್ಲಿನ ಗಡಿಬಿಡಿ ಶುರುವಾಗುವ ಮೊದಲು ಅದನ್ನೊಂದು ನೋಡಬೇಕು. ಉದ್ರಿ 70 ದಿನ ಇದ್ದದ್ದು 90 ದಾಟಿದ್ದರೆ ಮಾರುತ್ತೇನೆ.