‘ಶಿಕ್ಷಣದಲ್ಲಿ ತಂತ್ರಜ್ಞಾನ’ದಿಂದ ಕ್ಯೂಆರ್ ಕೋಡ್‌ವರೆಗೆ: ನನ್ನ ಪ್ರಾಜೆಕ್ಟ್ ಟೈಟಲ್ ಸಿಕ್ಕ ಬಗೆ

ಬಿ.ಎ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ನಾನು ಬರೆದುಕೊಟ್ಟ ಟೈಟಲ್ ‘ಶಿಕ್ಷಣದಲ್ಲಿ ತಂತ್ರಜ್ಞಾನ’. ಗೈಡ್ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: “ನಾಳೆ ಬೆಳಿಗ್ಗೆ ಯಾರ ಹತ್ರ ಹೋಗಿ ಏನು ಕೇಳ್ತೀಯಮ್ಮ?”

ಸ್ಮಾರ್ಟ್ ಕ್ಲಾಸ್, ಆನ್‌ಲೈನ್ ಟ್ಯೂಷನ್, ಕಂಪ್ಯೂಟರ್ ಲ್ಯಾಬ್, ಎಲ್ಲವೂ ತಂತ್ರಜ್ಞಾನವೇ. ಅದರಲ್ಲಿ ಕೈಗೆ ಸಿಗುವ ಒಂದನ್ನೇ ಹಿಡಿಯೋಣ ಅಂತ ಪಠ್ಯಪುಸ್ತಕದಲ್ಲಿ ಅಚ್ಚಾಗಿರುವ ಕ್ಯೂಆರ್ ಕೋಡ್ ಆರಿಸಿಕೊಂಡೆ. ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಪಾಠಕ್ಕೆ ಸಂಬಂಧಿಸಿದ ವಿಡಿಯೊ, ಅಭ್ಯಾಸ ಸಿಗುತ್ತವೆ. ಪುಸ್ತಕ ಮಕ್ಕಳ ಬ್ಯಾಗಿನಲ್ಲೇ ಇರುತ್ತದೆ, ಹಾಗಾಗಿ ಕೇಳೋದೂ ಸುಲಭ.

ಆಮೇಲೆ ಬರೆದದ್ದು ‘ಕ್ಯೂಆರ್ ಕೋಡ್‌ನಿಂದ ಕಲಿಕೆಯ ಮೇಲಾಗುವ ಪರಿಣಾಮ’. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಪರಿಣಾಮ ಅಂತ ಬರೆದ ಮೇಲೆ ಅದನ್ನು ತೋರಿಸಬೇಕು. ಹೆಚ್ಚುಕಡಿಮೆ ಒಂದೇ ಮಟ್ಟದ ಎರಡು ಗುಂಪು ಬೇಕು. ಒಂದು ಗುಂಪು ಕೋಡ್ ಬಳಸಬೇಕು, ಇನ್ನೊಂದು ಬಳಸಬಾರದು. ಮೊದಲೊಂದು ಪರೀಕ್ಷೆ, ಕೊನೆಗೊಂದು ಪರೀಕ್ಷೆ. ಅಷ್ಟಾದರೂ ಅಂಕ ಜಾಸ್ತಿ ಬಂದಿದ್ದು ವಿಡಿಯೊದಿಂದಲೋ ಟ್ಯೂಷನ್‌ನಿಂದಲೋ ಅನ್ನೋದು ಉಳಿದೇ ಇರುತ್ತದೆ. ಒಂದು ಸೆಮಿಸ್ಟರ್‌ನಲ್ಲಿ, ಒಬ್ಬಳೇ, ಇದು ಆಗುವ ಕೆಲಸವಲ್ಲ. ‘ಪರಿಣಾಮ’ ತೆಗೆದು ‘ಬಳಕೆ’ ಹಾಕಿದೆ.

ಟೈಟಲ್ ಗಟ್ಟಿ ಮಾಡುವ ಮೊದಲೇ ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ನಮ್ಮೂರಿನ ಹೈಸ್ಕೂಲಿನ ಒಂಬತ್ತನೇ ಕ್ಲಾಸಿನಲ್ಲಿ ಸ್ವಲ್ಪ ಹೊತ್ತು ಮಾತಾಡಿದೆ. ಈ ಇಡೀ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಇದೇ. “ಕೋಡ್ ಸ್ಕ್ಯಾನ್ ಮಾಡ್ತೀರಾ?” ಅಂದಾಗ ಹೆಚ್ಚುಕಡಿಮೆ ಎಲ್ಲರ ಕೈ ಮೇಲೆ. “ಕೊನೇ ಸಲ ಯಾವ ಪಾಠಕ್ಕೆ ಮಾಡಿದ್ರಿ?” ಅಂದ ತಕ್ಷಣ ಒಂದೊಂದೇ ಕೈ ಇಳಿಯಿತು. ಒಬ್ಬಳು ಹೇಳಿದಳು: “ಫೋನ್ ಅಪ್ಪಂದು ಅಕ್ಕ. ಅವರು ಬರೋದೇ ರಾತ್ರಿ. ಅಷ್ಟೊತ್ತಿಗೆ ಡೇಟಾನೂ ಖಾಲಿ.”

ಮನೆಯಲ್ಲಿ ಫೋನ್ ಇದೆಯಾ ಅಂತ ಕೇಳಿದ್ದರೆ ಅವಳು ‘ಹೌದು’ ಅಂತಲೇ ಟಿಕ್ ಹಾಕುತ್ತಿದ್ದಳು. ನಾನು ಕೇಳಬೇಕಾಗಿದ್ದು ಅದು ಅವಳ ಕೈಗೆ ಎಷ್ಟು ಹೊತ್ತು ಸಿಗುತ್ತದೆ ಅನ್ನೋದು. ಕೊನೆಗೆ ಟೈಟಲ್ ಹೀಗಾಯಿತು:

‘ಮನೆಯಲ್ಲಿ ಫೋನ್ ಸಿಗುವ ಸಮಯ ಮತ್ತು ವಿಜ್ಞಾನ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಬಳಕೆ: ತುಮಕೂರು ತಾಲ್ಲೂಕಿನ ಎರಡು ಸರ್ಕಾರಿ ಪ್ರೌಢಶಾಲೆಗಳ 9ನೇ ತರಗತಿ ವಿದ್ಯಾರ್ಥಿಗಳ ಸಮೀಕ್ಷೆ’

ಉದ್ದ ಜಾಸ್ತಿಯಾಯಿತು, ನಿಜ. ಆದರೆ ಏನನ್ನು ಅಳೆಯಬೇಕು, ಯಾರನ್ನು ಕೇಳಬೇಕು, ಎಲ್ಲಿ ಕೇಳಬೇಕು ಅನ್ನೋದು ಅದರಲ್ಲೇ ಇದೆ. ಎರಡೇ ಶಾಲೆ ನೋಡಿ ‘ಕರ್ನಾಟಕದಲ್ಲಿ’ ಅಂತ ಬರೆಯೋದು ಸುಮ್ನೆ ದೊಡ್ಡ ಮಾತು.

ಗೆಳತಿ ‘ಫೋನ್ ಕೊರತೆಯಿಂದ ಕುಂಠಿತವಾದ ಬಳಕೆ’ ಅಂತ ಹಾಕು ಅಂದಳು. ನಾನು ಒಪ್ಪಲಿಲ್ಲ. ಸಮೀಕ್ಷೆಗೆ ಮುಂಚೆಯೇ ಉತ್ತರ ಬರೆದ ಹಾಗಾಗುತ್ತದೆ. ಫೋನ್ ಕೈಯಲ್ಲಿದ್ದರೂ ಮೇಷ್ಟ್ರು ಹೇಳಿಲ್ಲ ಅಂತ ಮಕ್ಕಳು ಸ್ಕ್ಯಾನ್ ಮಾಡದೇ ಇರಬಹುದಲ್ಲ. ಅದಕ್ಕೇ ಪ್ರಶ್ನಾವಳಿಯಲ್ಲಿ ಇದನ್ನೂ ಸೇರಿಸಿದೆ: ‘ಕಳೆದ ವಾರ ಕೋಡ್ ನೋಡಿ ಅಂತ ಶಿಕ್ಷಕರು ಹೇಳಿದ್ದರಾ?’