ಜಪಾನಿನ ಗ್ಯಾಸ್ ಹೀಟರ್ ಪ್ಯಾನೆಲ್: ಬಿಸಿನೀರನ್ನು 42ಕ್ಕೆ ನಿಲ್ಲಿಸಿದ ನನ್ನ ಅನುಭವ

ಜಪಾನಿನಲ್ಲಿ ಬಾಡಿಗೆ ಮನೆ ಮಾಡಿರುವ ನಮ್ಮವರಿಗೆ ಈ ಪ್ಯಾನೆಲ್ ಗೊತ್ತೇ ಇರುತ್ತದೆ. ಅಡುಗೆಮನೆಯ ಗೋಡೆಯ ಮೇಲೆ ಒಂದು, ಬಚ್ಚಲಲ್ಲಿ ಒಂದು. ಹೀಟರ್ ಹೊರಗಡೆ, ಬಾಲ್ಕನಿಯಲ್ಲೋ ಬಾಗಿಲ ಪಕ್ಕದಲ್ಲೋ ಇರುತ್ತದೆ. ನಾನು ಇರುವುದು ತೋಕಿಯೋದ ನಿಶಿ-ಕಸಾಯಿಯಲ್ಲಿ. ಇಲ್ಲಿ ಹಳಬರು ಹೊಸಬರಿಗೆ ಹೇಳಿಕೊಡುವುದು ಒಂದೇ ಮಾತು: "ಹೀಟರ್ 60ರಲ್ಲಿ ಇಟ್ಟುಬಿಡಿ, ಬಚ್ಚಲ ನಲ್ಲಿಯ ತಿರುಗಣೆ 40ಕ್ಕೆ ಇಡಿ, ಪ್ಯಾನೆಲ್ ಮುಟ್ಟಲೇಬೇಡಿ." ನಾನು ಆ ಮಾತನ್ನು ಪೂರ್ತಿ ತಲೆಕೆಳಗು ಮಾಡಿದೆ. ನಲ್ಲಿಯ ತಿರುಗಣೆಯನ್ನು ಬಿಸಿ ಕಡೆಗೆ ಕೊನೆತನಕ ತಿರುಗಿಸಿ ಬಿಟ್ಟೆ, ಹೀಟರನ್ನು 42ಕ್ಕೆ ಇಳಿಸಿದೆ. ಹುಚ್ಚು ಎಂದವರು ಬಹಳ ಜನ. ಎರಡು ಚಳಿಗಾಲ ಕಳೆದಿದೆ, ಅಪ್ಪ ಅಮ್ಮ ಬಂದು ತಿಂಗಳುಗಟ್ಟಲೆ ಇದ್ದು ಹೋಗಿದ್ದಾರೆ, ಒಬ್ಬರ ಕೈಯೂ ಸುಟ್ಟಿಲ್ಲ. ಈಗ ಅದೇ ಗೆಳೆಯರು ಫೋನ್ ಮಾಡಿ ಕೇಳುತ್ತಿದ್ದಾರೆ, ಅದಕ್ಕೇ ಬರೆದಿಡುತ್ತಿದ್ದೇನೆ.

60 ಏಕೆ ಬೇಡ? ಬಚ್ಚಲ ನಲ್ಲಿಗೆ ಬಿಸಿ ತಣ್ಣೀರು ಬೆರೆಸುವ ಥರ್ಮೋಸ್ಟಾಟ್ ಇದೆ, ಸರಿ. ಆದರೆ ಅಡುಗೆಮನೆಯ ಲಿವರ್ ನಲ್ಲಿಗೂ ವಾಶ್ ಬೇಸಿನ್ನಿಗೂ ಅದು ಇಲ್ಲ. ಅಲ್ಲಿ 60 ನೇರವಾಗಿ ಕೈಗೆ ಬರುತ್ತದೆ. 60 ಡಿಗ್ರಿ ನೀರು ದೊಡ್ಡವರ ಚರ್ಮವನ್ನೇ ಐದು ಸೆಕೆಂಡಿನ ಆಸುಪಾಸಿನಲ್ಲಿ ಚೆನ್ನಾಗಿ ಸುಡುತ್ತದೆ. 50ರ ಹತ್ತಿರ ಅಷ್ಟೇ ಸುಡಲು ಕೆಲವು ನಿಮಿಷ ಬೇಕು, ಕೈ ಎಳೆದುಕೊಳ್ಳಲು ಸಮಯ ಸಿಗುತ್ತದೆ. ಮಕ್ಕಳ, ವಯಸ್ಸಾದವರ ಚರ್ಮ ತೆಳು, ಅವರಿಗೆ ಇನ್ನೂ ಬೇಗ. ನಮ್ಮ ಅಮ್ಮನಿಗೆ ಸಕ್ಕರೆ ಕಾಯಿಲೆ ಬೇರೆ, ಪಾದಕ್ಕೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ. ಇದರ ಜೊತೆಗೆ ಥರ್ಮೋಸ್ಟಾಟ್ ಹಳೆಯದಾದರೆ ಸರಿಯಾಗಿ ಬೆರೆಸುವುದಿಲ್ಲ. ನಮ್ಮ ನಲ್ಲಿ ಕಟ್ಟಡದಷ್ಟೇ ಹಳೆಯದು. 40ಕ್ಕೆ ಇಟ್ಟರೆ ಒಮ್ಮೆ 38, ಒಮ್ಮೆ 45 ಕೊಡುತ್ತಿತ್ತು. ಅಂಥದ್ದನ್ನು ನಂಬಿ ಹಿಂದೆ 60 ಇಡುವುದೆಂದರೆ ನನಗೆ ಮನಸ್ಸು ಒಪ್ಪಲಿಲ್ಲ.

ಹೀಟರಿಂದಲೇ 42ಕ್ಕಿಂತ ಜಾಸ್ತಿ ಬರದಿದ್ದರೆ ಯಾವ ನಲ್ಲಿ ಕೆಟ್ಟರೂ ಸುಡುವುದಿಲ್ಲ. ಲೆಕ್ಕ ಇಷ್ಟೇ. ಇದು ನಡೆಯುವುದು ಹೀಟರ್ ತಕ್ಷಣ ಕಾಯಿಸುವ ಜಾತಿಯದು ಆಗಿರುವುದರಿಂದ. ಪ್ಯಾನೆಲ್ ಮೇಲಿನ ಅಂಕಿ ಹೊರಗೆ ಬರುವ ನೀರಿನ ಬಿಸಿ, ನಮ್ಮೂರ ಗೀಸರಿನ ಹಾಗೆ ಒಳಗೆ ಕೂಡಿಟ್ಟ ನೀರಿನ ಬಿಸಿಯಲ್ಲ.

ಮೊದಲ ತೊಂದರೆ ಬಂದಿದ್ದು ಅಂಕಿಯಲ್ಲಿ ಅಲ್ಲ, ಅಂಕಿ ಬದಲಾಗದಿರುವುದರಲ್ಲಿ. ಅಡುಗೆಮನೆಯಲ್ಲಿ ಕೆಳಗಿನ ಬಾಣ ಒತ್ತುತ್ತಿದ್ದೆ, ಪ್ಯಾನೆಲ್ ಒಂದು ಬೀಪ್ ಮಾಡುತ್ತಿತ್ತು, ಹೆಂಗಸಿನ ಧ್ವನಿಯಲ್ಲಿ ಏನೋ ಹೇಳುತ್ತಿತ್ತು, ಅಂಕಿ ಮಾತ್ರ 60ರಲ್ಲೇ ಇರುತ್ತಿತ್ತು. ಮನೆ ಕೊಡಿಸಿದ ಏಜೆಂಟರು ರಿಪೇರಿಯವರನ್ನು ಕಳಿಸಿದರು. ಬಂದವರು ಬಚ್ಚಲಿಗೆ ಹೋಗಿ ಒಂದು ಗುಂಡಿ ಒತ್ತಿದರು, ತಲೆ ಬಾಗಿಸಿ ವಂದಿಸಿದರು, ಸುಮಾರು ಎಂಟು ಸಾವಿರ ಯೆನ್ ಬಿಲ್ಲು ಬಂತು. ಪ್ಯಾನೆಲ್ ಹಾಳಾಗಿರಲಿಲ್ಲ. ಆ ಎಂಟು ಸಾವಿರ ನಿಮಗೆ ಉಳಿಯಲಿ ಎಂದೇ ಮುಂದಿನದನ್ನು ಬಿಡಿಸಿ ಹೇಳುತ್ತೇನೆ.

ಆ ಗುಂಡಿ 優先. ಎರಡು ಪ್ಯಾನೆಲ್‌ಗಳಲ್ಲಿ ಒಂದು ಹೊತ್ತಿಗೆ ಒಂದಕ್ಕೆ ಮಾತ್ರ ಬಿಸಿ ಬದಲಿಸುವ ಅಧಿಕಾರ. ಯಾವುದರ ಕೈಯಲ್ಲಿ ಅಧಿಕಾರವಿದೆಯೋ ಅದರ ಮೇಲೆ ಈ ಅಕ್ಷರದ ಪಕ್ಕ ದೀಪ ಹತ್ತಿರುತ್ತದೆ, ಇಲ್ಲವೇ ಪರದೆಯಲ್ಲಿ ಅಕ್ಷರ ಕಾಣುತ್ತದೆ. ಗುಂಡಿ ಸಾಮಾನ್ಯವಾಗಿ ಬಚ್ಚಲ ಪ್ಯಾನೆಲ್‌ನಲ್ಲೇ ಇರುತ್ತದೆ. ಸ್ನಾನ ಮಾಡುತ್ತಿರುವವರ ತಲೆಯ ಮೇಲೆ ಅಡುಗೆಮನೆಯವರು ಬಿಸಿ ಏರಿಸಬಾರದು ಎಂದೇ ಈ ಏರ್ಪಾಡು. ನನ್ನ ಇಡೀ ವಿಧಾನ ನಿಂತಿರುವುದು ಈ ಒಂದು ದೀಪದ ಮೇಲೆ. ಯಾಕೆಂದರೆ ನಲ್ಲಿಯ ತಿರುಗಣೆ ಪೂರ್ತಿ ಬಿಸಿ ಕಡೆ ಇದೆ. ಅಧಿಕಾರ ಅಡುಗೆಮನೆಯಲ್ಲಿದ್ದು ಅಲ್ಲಿ ಯಾರಾದರೂ 60 ಒತ್ತಿದರೆ ಶವರಿನಲ್ಲಿ 60 ಬರುತ್ತದೆ, ತಡೆಯುವವರಿಲ್ಲ. ಹಾಗಾಗಿ ದೀಪ ನೋಡದೆ ನನ್ನ ಕ್ರಮ ಮಾಡಬೇಡಿ, ಸುಮ್ನೆ ಅಪಾಯ ತಂದುಕೊಳ್ಳುತ್ತೀರಿ.

ನಾನು ಮಾಡುವುದು ಹೀಗೆ. ಬಚ್ಚಲ ಪ್ಯಾನೆಲ್‌ನಲ್ಲಿ 運転 ಒತ್ತಿ ಚಾಲೂ ಮಾಡುತ್ತೇನೆ. 優先 ದೀಪ ಅಲ್ಲಿ ಹತ್ತಿದೆಯೇ ನೋಡುತ್ತೇನೆ, ಇಲ್ಲದಿದ್ದರೆ ಒತ್ತುತ್ತೇನೆ. ಮನೆಯಲ್ಲಿ ಎಲ್ಲಾದರೂ ನಲ್ಲಿ ಓಡುತ್ತಿದ್ದರೆ ಕೆಲವು ಮಾದರಿಗಳಲ್ಲಿ ಅಧಿಕಾರ ದಾಟುವುದಿಲ್ಲ, ಆದ್ದರಿಂದ ಎಲ್ಲ ನಲ್ಲಿ ಮುಚ್ಚಿರಬೇಕು. ಆಮೇಲೆ ಅಂಕಿ ನೋಡಿ 42ಕ್ಕೆ ಇಳಿಸುತ್ತೇನೆ. ಪರದೆಯಲ್ಲಿ ಎರಡು ಅಂಕಿ ಕಂಡರೆ ಎಚ್ಚರ: ನಲ್ಲಿ ಅಥವಾ ಶವರಿನ ಚಿತ್ರದ ಪಕ್ಕದ್ದು 給湯温度, ನಲ್ಲಿಗೆ ಬರುವ ನೀರು. ತೊಟ್ಟಿಯ ಚಿತ್ರದ ಪಕ್ಕದ್ದು ふろ温度, ಸ್ನಾನದ ತೊಟ್ಟಿ ತುಂಬಿಸುವ ನೀರು. ಒಂದನ್ನು ಇಳಿಸಿದರೆ ಇನ್ನೊಂದು ಇಳಿಯುವುದಿಲ್ಲ. ನಮ್ಮ ಕಟ್ಟಡದ ಒಬ್ಬರು ತಿಂಗಳುಗಟ್ಟಲೆ ತೊಟ್ಟಿಯ ಅಂಕಿಯನ್ನೇ ಇಳಿಸುತ್ತ, ಶವರ್ ಯಾಕೆ ಸುಡುತ್ತದೆ ಎಂದು ಯೋಚಿಸುತ್ತಿದ್ದರು.

ಅಂಕಿ ಇಳಿದ ಮೇಲೂ ಪೈಪಿನಲ್ಲಿ ಹಿಂದಿನ ಬಿಸಿನೀರು ನಿಂತಿರುತ್ತದೆ. ಅಡುಗೆಮನೆಯಲ್ಲಿ ಯಾರೋ 60ರಲ್ಲಿ ಬಾಣಲೆ ತೊಳೆದಿದ್ದರೆ ಮೊದಲ ಅರ್ಧ ನಿಮಿಷ ಬರುವುದು ಅದೇ. ಶವರನ್ನು ಗೋಡೆ ಕಡೆ ತಿರುಗಿಸಿ ನೀರು ಬಿಡುತ್ತೇನೆ, ಆಮೇಲೆ ಕೈಗೆ ತಾಗಿಸುತ್ತೇನೆ. ಕೊನೆಗೆ ನಲ್ಲಿಯ ತಿರುಗಣೆ. 40ರ ಹತ್ತಿರ ಒಂದು ಪುಟ್ಟ ಗುಂಡಿ ಅಡ್ಡ ಬರುತ್ತದೆ, ಅದನ್ನು ಒತ್ತಿಕೊಂಡೇ ದಾಟಿಸಿ ಕೊನೆತನಕ ಕೊಂಡೊಯ್ಯಬೇಕು.

ಗೆಳೆಯರ ತಕರಾರು ಇಲ್ಲಿಯೇ. "ಹೀಟರ್ ನಲ್ಲಿಗಿಂತ ಹತ್ತು ಡಿಗ್ರಿ ಜಾಸ್ತಿ ಇರಬೇಕು, ಇಲ್ಲದಿದ್ದರೆ ನೀರು ತಣ್ಣಗೆ ಬರುತ್ತದೆ" ಎಂದರು. ತಿರುಗಣೆ 40ರಲ್ಲೇ ಇದ್ದರೆ ಅವರ ಮಾತು ನಿಜ. ಥರ್ಮೋಸ್ಟಾಟ್ ತಣ್ಣೀರು ಬೆರೆಸಲು ನೋಡುತ್ತದೆ, 42ರ ನೀರು ಸಾಲದೆ ಬರೀ ಉಗುರುಬೆಚ್ಚಗೆ ಬೀಳುತ್ತದೆ. ಆದರೆ ಕೊನೆತನಕ ತಿರುಗಿಸಿದರೆ ಅದು ತಣ್ಣೀರನ್ನು ಹೆಚ್ಚುಕಡಿಮೆ ಮುಚ್ಚಿಬಿಡುತ್ತದೆ. ಬಾಯಲ್ಲಿ ವಾದ ಮಾಡುವುದು ಬೇಡವೆಂದು ಎಣ್ಣೆಗೆ ಹಾಕುವ ಡಿಜಿಟಲ್ ಥರ್ಮಾಮೀಟರ್ ತಂದೆ, ಸುಮಾರು ಸಾವಿರದ ಐನೂರು ಯೆನ್. ಸ್ಟೀಲ್ ಚೊಂಬನ್ನು ಶವರ್ ಕೆಳಗೆ ಹಿಡಿದು, ನೀರು ತುಂಬಿ ಚೆಲ್ಲುತ್ತಿರುವಾಗಲೇ ಕಡ್ಡಿ ಅದ್ದಿ ನೋಡಿದೆ. ಪ್ಯಾನೆಲ್ 42, ಚೊಂಬಿನಲ್ಲಿ 41 ಅಥವಾ ಸ್ವಲ್ಪ ಮೇಲೆ. ಜನವರಿಯ ಬೆಳಿಗ್ಗೆಯೂ ಅಷ್ಟೇ. ಆ ಚೊಂಬನ್ನು ಎಲ್ಲರಿಗೂ ತೋರಿಸಿದ್ದೇನೆ.

ಬಕೆಟ್ ಸ್ನಾನದ ವಿಷಯ ಬೇರೆ. ಅಮ್ಮ ಬಂದ ವಾರವೇ "ಏನೋ ಇದು, ಬಕೆಟ್ ತುಂಬುವಷ್ಟರಲ್ಲಿ ಆರಿಹೋಗುತ್ತದೆ" ಎಂದರು. ಚಳಿಗಾಲದ ಬಚ್ಚಲಲ್ಲಿ ಬಕೆಟ್ ನೀರು ತುಂಬುತ್ತಲೇ ಎರಡು ಮೂರು ಡಿಗ್ರಿ ಇಳಿಯುತ್ತದೆ. ಅಮ್ಮನಿಗೆ ಮಾತ್ರ 44 ಇಟ್ಟೆ, ಸರಿಹೋಯಿತು. ಇನ್ನೊಂದು ದೂರು, ನೀರು ಒಮ್ಮೊಮ್ಮೆ ಪೂರ್ತಿ ತಣ್ಣಗೆ ಬರುತ್ತದೆ ಎಂದು. ನೋಡಿದರೆ ನೀರು ಪೋಲಾಗಬಾರದೆಂದು ನಲ್ಲಿಯನ್ನು ಸಣ್ಣ ಧಾರೆಯಲ್ಲಿ ಬಿಡುತ್ತಿದ್ದರು. ನಿಮಿಷಕ್ಕೆ ಎರಡೂವರೆ ಲೀಟರಿನಷ್ಟಾದರೂ ಹರಿಯದಿದ್ದರೆ ಬರ್ನರ್ ಹತ್ತುವುದೇ ಇಲ್ಲ. ಪ್ಯಾನೆಲ್‌ನಲ್ಲಿ ಉರಿಯ ಚಿತ್ರ ಅಥವಾ ಕೆಂಪು ದೀಪ ಬಂದಿದೆಯೇ ನೋಡಬೇಕು. ಇಂಥ ಹೊತ್ತಿನಲ್ಲಿ ಜನ ಅಂಕಿ ಏರಿಸುತ್ತಾರೆ, ಆಮೇಲೆ ನಲ್ಲಿ ದೊಡ್ಡದಾಗಿ ತಿರುಗಿಸಿದಾಗ ಸುಡುವ ನೀರು ಬರುತ್ತದೆ. ತಣ್ಣಗೆ ಬಂದರೆ ಮೊದಲು ಧಾರೆ ದೊಡ್ಡದು ಮಾಡಿ, ಅಂಕಿ ಮುಟ್ಟಬೇಡಿ.

ಗುರುತು ಹಾಕುವುದಕ್ಕೇ ಜಾಸ್ತಿ ದುಡ್ಡು ಹೋಯಿತು. ಕನ್ನಡದಲ್ಲಿ ಬರೆದು ಅಂಟಿಸಿದ ಕಾಗದ ಬಚ್ಚಲ ಹಬೆಗೆ ಒಂದು ವಾರ ಬಾಳಲಿಲ್ಲ. ಲೇಬಲ್ ಯಂತ್ರ ತಂದೆ, ನಾಲ್ಕು ಸಾವಿರ ಯೆನ್ ಹತ್ತಿರ. ಅದರ ಟೇಪು ನಿಂತಿತು, ಆದರೆ ಅಪ್ಪ ಕನ್ನಡಕ ತೆಗೆದಿಟ್ಟು ಬಚ್ಚಲಿಗೆ ಹೋಗುತ್ತಾರೆ, ಯಾವ ಅಕ್ಷರವೂ ಕಾಣುವುದಿಲ್ಲ. ಉಗುರು ಬಣ್ಣದ ಚುಕ್ಕೆ ಇಡಬಹುದಿತ್ತು, ಬಾಡಿಗೆ ಮನೆ ಬಿಡುವಾಗ ಅಳಿಸಲು ಹೋದರೆ ಪ್ಲಾಸ್ಟಿಕ್ ಹಾಳಾಗುತ್ತದೆ. ಕಡೆಗೆ ನಿಂತಿದ್ದು ಕೈಗೆ ತಗಲುವ ಉಬ್ಬು ಗುರುತು: 優先ಗೆ ಒಂದು, ಕೆಳಗಿನ ಬಾಣಕ್ಕೆ ಎರಡು. ಮೇಲಿನ ಬಾಣಕ್ಕೆ ಏನೂ ಇಲ್ಲ. ಉಬ್ಬು ಯಾವುದರಿಂದ ಮಾಡಿದೆ, ಗುರುತು ಉಳಿಸದೆ ಹೇಗೆ ಕೀಳುತ್ತೇನೆ ಎನ್ನುವುದು ನನ್ನಲ್ಲೇ ಇರಲಿ. ಮನೆಗೆ ಬಂದವರಿಗೆ ತೋರಿಸುತ್ತೇನೆ.

追いだき ಗುಂಡಿಯನ್ನು ಮಾತ್ರ ಮುಚ್ಚಿ ಅಂಟಿಸಿದ್ದೇನೆ. ಅದು ಆರಿದ ತೊಟ್ಟಿ ನೀರನ್ನು ಮತ್ತೆ ಕಾಯಿಸುತ್ತದೆ, ತೊಟ್ಟಿಯ ಬದಿಯ ತೂತಿನಿಂದ ಬರುವ ನೀರು ತೊಟ್ಟಿಯ ನೀರಿಗಿಂತ ಬಹಳ ಬಿಸಿ. ಕಾಲು ಹತ್ತಿರ ಇಡಬಾರದು. ಕೆಲವು ಮನೆಗಳಲ್ಲಿ ಇದರ ಬದಲು 高温さし湯 ಇರುತ್ತದೆ, ಅದು 80 ಡಿಗ್ರಿ ಹತ್ತಿರದ ನೀರನ್ನೇ ತೊಟ್ಟಿಗೆ ಸುರಿಯುತ್ತದೆ. ಮನೆಯಲ್ಲಿ ಮಗುವಿದ್ದರೆ ಮೊದಲು ಹುಡುಕಬೇಕಾದ ಗುಂಡಿ ಅದೇ, ಅಲ್ವಾ?

ಪಾತ್ರೆಗೆ 42 ಸಾಲುತ್ತದೆ, ತುಪ್ಪದ ಜಿಡ್ಡಿಗೆ ಸಾಲುವುದಿಲ್ಲ. ಎಲ್ಲರ ಸ್ನಾನ ಮುಗಿದ ಮೇಲೆ ಬಚ್ಚಲ ಪ್ಯಾನೆಲ್ ಆರಿಸುತ್ತೇವೆ, ಅಧಿಕಾರ ಅಡುಗೆಮನೆಗೆ ಬರುತ್ತದೆ, 50ಕ್ಕೆ ಏರಿಸಿ ತೊಳೆಯುತ್ತೇವೆ, ಮತ್ತೆ 42ಕ್ಕೆ ಇಳಿಸಿಯೇ ಮಲಗುತ್ತೇವೆ. ಚಳಿಗಾಲದ ಗ್ಯಾಸ್ ಬಿಲ್ಲು ಹಿಂದೆ ಹನ್ನೆರಡು ಸಾವಿರ ಯೆನ್ ದಾಟುತ್ತಿತ್ತು, ಈಗ ಒಂಬತ್ತರ ಆಸುಪಾಸು. 追いだき ಬಿಟ್ಟಿದ್ದರಿಂದಲೇ ಅದರಲ್ಲಿ ಹೆಚ್ಚಿನ ಪಾಲು ಉಳಿದಿರಬೇಕು.

ಆಗಸ್ಟಿನಲ್ಲಿ ಈ ಲೆಕ್ಕ ಸ್ವಲ್ಪ ತಪ್ಪುತ್ತದೆ. ನಲ್ಲಿಗೆ ಬರುವ ತಣ್ಣೀರೇ 25 ಡಿಗ್ರಿ ದಾಟಿರುತ್ತದೆ. ಬರ್ನರ್ ಎಷ್ಟು ಸಣ್ಣಗೆ ಉರಿದರೂ ಸಣ್ಣ ಧಾರೆಗೆ ಅದು ಜಾಸ್ತಿಯೇ, 37 ಇಟ್ಟರೆ 40ರ ಮೇಲೆ ಬರುತ್ತದೆ. ಆಗ ಧಾರೆ ದೊಡ್ಡದು ಮಾಡಿ ತಿರುಗಣೆಯನ್ನು ಹಿಂದಕ್ಕೆ ತರುತ್ತೇನೆ. ಶವರ್ ನಿಲ್ಲಿಸಿ ಸೋಪು ಹಚ್ಚಿ ಮತ್ತೆ ಬಿಟ್ಟಾಗ ಒಂದು ಕ್ಷಣ ಬಿಸಿ, ಒಂದು ಕ್ಷಣ ತಣ್ಣೀರು ಬರುವುದು ಎಲ್ಲ ಕಾಲದಲ್ಲೂ ಇದ್ದದ್ದೇ, ಆಗಲೂ ಶವರ್ ಗೋಡೆ ಕಡೆ.

ಇದನ್ನು ಓದಿ ಊರಲ್ಲಿ ನೀರು ಒಳಗೆ ಕೂಡಿಡುವ ಕರೆಂಟ್ ಗೀಸರನ್ನು 42ಕ್ಕೆ ಇಳಿಸಬೇಡಿ. ನಿಂತ ಬೆಚ್ಚಗಿನ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅಲ್ಲಿ 60ರ ಹತ್ತಿರವೇ ಕಾಯಿಸಿ ಬಕೆಟ್ಟಿನಲ್ಲಿ ತಣ್ಣೀರು ಬೆರೆಸಿಕೊಳ್ಳಬೇಕು. ಬೆರೆಸುವಾಗ ಮೊದಲು ತಣ್ಣೀರು, ಆಮೇಲೆ ಬಿಸಿನೀರು.